ಟವರ್ ಫುಲ್ ಇದ್ದರೂ ಪಿಂಗ್ ಯಾಕೆ ಏರಿಳಿಯುತ್ತದೆ: ಮಧುಗಿರಿ ಕಡೆಯ ಒಂದು ಹಾಟ್‌ಸ್ಪಾಟ್ ಲೆಕ್ಕ

ಮಧುಗಿರಿ, ಕೊರಟಗೆರೆ, ಪಾವಗಡ ಕಡೆಯ ಹಳ್ಳಿಗಳಲ್ಲಿ ಲ್ಯಾಪ್‌ಟಾಪ್ ಇರುವ ಕಾಲೇಜು ಹುಡುಗರಲ್ಲಿ ಬಹಳ ಜನರಿಗೆ ಇಂಟರ್ನೆಟ್ ಅಂದರೆ ಮೊಬೈಲ್ ಹಾಟ್‌ಸ್ಪಾಟೇ. ಫೈಬರ್ ಊರಿನ ತನಕ ಬಂದಿದ್ದರೂ ಮನೆಯೊಳಗೆ ಬಂದಿರುವುದಿಲ್ಲ. ಇವರೆಲ್ಲ ಹೇಳುವ ತಕರಾರು ಒಂದೇ ಥರ ಇರುತ್ತದೆ. ಸ್ಪೀಡ್ ಟೆಸ್ಟ್ ಮಾಡಿದರೆ 20, 30 ಎಂಬಿಪಿಎಸ್ ತೋರಿಸುತ್ತದೆ, ಯೂಟ್ಯೂಬ್ ನಿಲ್ಲದೆ ಓಡುತ್ತದೆ, ಆದರೆ ಸಂಜೆ ಗೇಮ್ ಆಡಲು ಕೂತರೆ ಪಿಂಗ್, ಅಂದರೆ ಡೇಟಾ ಸರ್ವರಿಗೆ ಹೋಗಿ ಬರುವ ಹೊತ್ತು, 40 ಮಿಲಿಸೆಕೆಂಡಿನಿಂದ 400ಕ್ಕೆ ಹೋಗಿ ಮತ್ತೆ ಇಳಿಯುತ್ತದೆ. ಸಿಮ್ ಬದಲಾಯಿಸುತ್ತಾರೆ, ದೊಡ್ಡ ಪ್ಲಾನ್ ಹಾಕಿಸುತ್ತಾರೆ, ಹೊಸ ಫೋನ್ ಕೊಳ್ಳುತ್ತಾರೆ. ತೊಂದರೆ ಅಲ್ಲೇ ಉಳಿಯುತ್ತದೆ.

ನಾನು ನೆಟ್‌ವರ್ಕ್ ಕೆಲಸದಲ್ಲೇ ಇರುವವನಾದ್ದರಿಂದ ಈ ಪ್ರಶ್ನೆ ನನ್ನ ಹತ್ತಿರ ಆಗಾಗ ಬರುತ್ತದೆ. ಉತ್ತರ ಕೊಡುವುದು ಕಷ್ಟವೇನಲ್ಲ. ಆದರೆ ಅದು ಸ್ಪೀಡಿನ ಲೆಕ್ಕದಲ್ಲಿ ಸಿಗುವುದಿಲ್ಲ, ಕ್ಯೂನಲ್ಲಿ ಕಾಯುವ ಹೊತ್ತಿನ ಲೆಕ್ಕದಲ್ಲಿ ಸಿಗುತ್ತದೆ. ಪ್ಯಾಕೆಟ್, ಅಂದರೆ ಡೇಟಾದ ಒಂದು ತುಂಡು, ಎಲ್ಲಿ ಕಾಯುತ್ತಿದೆ, ಯಾರ ಹಿಂದೆ ಕಾಯುತ್ತಿದೆ ಅಂತ ಗೊತ್ತಾದರೆ ಅರ್ಧ ತೊಂದರೆ ನಮ್ಮ ಕೈಯಲ್ಲೇ ಬಗೆಹರಿಯುತ್ತದೆ.

ಮೊದಲು ಗೇಮ್ ಎಷ್ಟು ಡೇಟಾ ತಿನ್ನುತ್ತದೆ ಅಂತ ನೋಡೋಣ. ಶೂಟಿಂಗ್ ಗೇಮ್‌ನಲ್ಲಿ ಚಿತ್ರ, ಶಬ್ದ, ಮ್ಯಾಪ್ ಎಲ್ಲ ಆಗಲೇ ನಮ್ಮ ಮಷೀನಿನಲ್ಲಿ ಇರುತ್ತವೆ. ನೆಟ್‌ನಲ್ಲಿ ಓಡಾಡುವುದು ಯಾರು ಎಲ್ಲಿದ್ದಾರೆ, ಯಾರು ಗುಂಡು ಹಾರಿಸಿದರು ಅನ್ನುವ ಚಿಕ್ಕ ಚಿಕ್ಕ ಪ್ಯಾಕೆಟ್‌ಗಳು ಮಾತ್ರ. ಗೇಮ್‌ನಿಂದ ಗೇಮ್‌ಗೆ ವ್ಯತ್ಯಾಸ ಇದೆ, ಆದರೂ ಗಂಟೆಗೆ 100 ಎಂಬಿ ಅಂತ ಹಿಡಿದರೆ ಸೆಕೆಂಡಿಗೆ ಸುಮಾರು 220 ಕಿಲೋಬಿಟ್ ಆಯಿತು. 30 ಎಂಬಿಪಿಎಸ್ ಸಂಪರ್ಕದಲ್ಲಿ ಇದು ನೂರನೇ ಒಂದು ಭಾಗವೂ ಅಲ್ಲ. ಹಾಗಾಗಿ 30 ಎಂಬಿಪಿಎಸ್ ಇದ್ದದ್ದು 60 ಆದರೆ ಗೇಮ್‌ಗೆ ಆಗುವ ಲಾಭ ಏನೂ ಇಲ್ಲ. ಅದಕ್ಕೆ ಬೇಕಾದದ್ದು ಪ್ರತಿ ಚಿಕ್ಕ ಪ್ಯಾಕೆಟ್ಟೂ ಹೊತ್ತಿಗೆ ಸರಿಯಾಗಿ ಹೋಗಿ ಬರುವುದು. ಪಿಂಗ್ ಒಂದೇ ಸಮ 80 ಇದ್ದರೆ ಗೇಮ್ ಅದಕ್ಕೆ ಹೊಂದಿಕೊಳ್ಳುತ್ತದೆ, ಕೈಯೂ ಹೊಂದಿಕೊಳ್ಳುತ್ತದೆ. ಒಮ್ಮೆ 30, ಮರುಕ್ಷಣ 200 ಅಂದರೆ ಯಾವುದಕ್ಕೂ ಹೊಂದಿಕೊಳ್ಳಲು ಆಗುವುದಿಲ್ಲ. ಎದುರಾಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಡನ್ನಾಗಿ ಹಾರಿದ ಹಾಗೆ ಕಾಣುವುದು ಇದರಿಂದಲೇ.

ಈ ಹೊತ್ತು ಎಲ್ಲಿ ಖರ್ಚಾಗುತ್ತದೆ? ದೂರದಲ್ಲಿ ಅಷ್ಟೇನೂ ಆಗುವುದಿಲ್ಲ. ಫೈಬರ್ ಒಳಗೆ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ಸರ್ವರ್ ಮುಂಬೈನಲ್ಲಿದ್ದರೆ ಸಾವಿರ ಕಿಲೋಮೀಟರ್ ಅಂತಿಟ್ಟುಕೊಂಡರೂ ಹೋಗಿ ಬರಲು 10 ಮಿಲಿಸೆಕೆಂಡ್, ಸುತ್ತು ದಾರಿ, ರೂಟರ್ ಎಲ್ಲ ಸೇರಿದರೆ 20, 25. ಈ ಭಾಗ ಬೆಳಿಗ್ಗೆಯೂ ಅಷ್ಟೇ, ರಾತ್ರಿಯೂ ಹೆಚ್ಚುಕಮ್ಮಿ ಅಷ್ಟೇ. ಏರಿಳಿತವೆಲ್ಲ ಫೋನ್ ಮತ್ತು ಟವರ್ ನಡುವಿನ ಒಂದೆರಡು ಕಿಲೋಮೀಟರಿನಲ್ಲಿ ಹುಟ್ಟುತ್ತದೆ.

4ಜಿಯಲ್ಲಿ ಟವರ್ ಪ್ರತಿ ಒಂದು ಮಿಲಿಸೆಕೆಂಡಿಗೊಮ್ಮೆ ಯಾವ ಫೋನಿಗೆ ಎಷ್ಟು ಜಾಗ ಕೊಡಬೇಕು ಅಂತ ತೀರ್ಮಾನ ಮಾಡುತ್ತದೆ. ಹಂಚುವ ಈ ಕೆಲಸ ಮಾಡುವ ಭಾಗಕ್ಕೆ ಶೆಡ್ಯೂಲರ್ ಅನ್ನುತ್ತಾರೆ. ಫೋನ್ ತನಗೆ ತೋಚಿದಾಗ ಮಾತಾಡುವ ಹಾಗಿಲ್ಲ. ಕಳಿಸುವುದಕ್ಕೆ ಏನಾದರೂ ಇದ್ದರೆ ಮೊದಲು ‘ನನ್ನ ಹತ್ತಿರ ಡೇಟಾ ಇದೆ’ ಅಂತ ಒಂದು ಸಣ್ಣ ಸೂಚನೆ ಕಳಿಸಬೇಕು. ಅದನ್ನು ಕಳಿಸಲೂ ಟವರ್ ಗೊತ್ತುಮಾಡಿದ ಸಮಯವೇ ಬರಬೇಕು, ಅದು 10 ಅಥವಾ 20 ಮಿಲಿಸೆಕೆಂಡಿಗೊಮ್ಮೆ ಬರಬಹುದು. ಟವರ್ ಅನುಮತಿ ಕೊಟ್ಟ ಮೇಲೆ ಪ್ಯಾಕೆಟ್ ಹೊರಡುತ್ತದೆ. ಹೊರಟದ್ದು ಕೆಟ್ಟುಹೋದರೆ ಸುಮಾರು 8 ಮಿಲಿಸೆಕೆಂಡ್ ಬಿಟ್ಟು ಮತ್ತೆ ಕಳಿಸುತ್ತದೆ. ಸಾಮಾನ್ಯವಾಗಿ ಹತ್ತರಲ್ಲಿ ಒಂದು ಮೊದಲ ಸಲ ಕೆಡಬಹುದು ಅನ್ನುವ ಲೆಕ್ಕದಲ್ಲೇ ಟವರ್ ವೇಗವನ್ನು ಹೊಂದಿಸುತ್ತದೆ. ಆದ್ದರಿಂದ ಮೊಬೈಲ್ ನೆಟ್‌ನಲ್ಲಿ 10, 20 ಮಿಲಿಸೆಕೆಂಡ್ ಏರಿಳಿತ ದೋಷವಲ್ಲ, ಅದು ಇದ್ದೇ ಇರುತ್ತದೆ. ಅದನ್ನು ಸರಿ ಮಾಡುತ್ತೇನೆ ಅಂತ ‘ಪಿಂಗ್ ಬೂಸ್ಟರ್’ ಆ್ಯಪ್‌ಗಳಿಗೆ ದುಡ್ಡು ಕೊಡಬೇಡಿ. ಟವರ್ ಯಾವಾಗ ಅನುಮತಿ ಕೊಡುತ್ತದೆ ಅನ್ನುವುದನ್ನು ಯಾವ ಆ್ಯಪ್ಪೂ ಬದಲಾಯಿಸಲಾರದು.

ನೂರಾರು ಮಿಲಿಸೆಕೆಂಡಿನ ಜಿಗಿತ ಬೇರೆಯದೇ ಕಥೆ. ನೀರುಗಂಟಿ ಬೀದಿಬೀದಿಗೆ ಸರದಿ ಮೇಲೆ ವಾಲ್ವ್ ತಿರುಗಿಸುವ ಹಾಗೆ ಟವರ್ ಒಬ್ಬೊಬ್ಬರಿಗೆ ಸರದಿ ಕೊಡುತ್ತದೆ, ಆದರೆ ಪ್ರತಿ ಫೋನಿನ ಡೇಟಾ ಕಾಯುವ ಕ್ಯೂ ಬೇರೆ ಬೇರೆ. ಇದನ್ನು ಗಮನವಿಟ್ಟು ನೋಡಬೇಕು. ಪಕ್ಕದ ಮನೆಯವರು ಸಿನಿಮಾ ಡೌನ್‌ಲೋಡ್ ಮಾಡಿದರೆ ಅವರ ಪ್ಯಾಕೆಟ್‌ಗಳು ನಿಮ್ಮ ಕ್ಯೂನಲ್ಲಿ ಬಂದು ನಿಲ್ಲುವುದಿಲ್ಲ. ನಿಮ್ಮ ಸರದಿ ಬರುವುದು ಕಮ್ಮಿಯಾಗುತ್ತದೆ ಅಷ್ಟೆ. ನಿಮ್ಮ ಗೇಮ್ ಪ್ಯಾಕೆಟ್ಟಿನ ಮುಂದೆ ಸಾಲುಗಟ್ಟಿ ನಿಲ್ಲುವುದು ನಿಮ್ಮದೇ ಹಾಟ್‌ಸ್ಪಾಟಿನ ಬೇರೆ ಡೌನ್‌ಲೋಡ್‌ಗಳು.

ಲೆಕ್ಕ ಹಾಕಿದರೆ ಸ್ಪಷ್ಟವಾಗುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಹಿಂದೆ ಒಂದು ಅಪ್‌ಡೇಟ್ ಇಳಿಯುತ್ತಿದೆ ಅನ್ನಿ. ಅದಕ್ಕಾಗಿ ಟವರ್ ಕಡೆ ನಿಮ್ಮ ಕ್ಯೂನಲ್ಲಿ 500 ಕೆಬಿ ಕಾಯುತ್ತಿದೆ ಅನ್ನಿ, ಅಂದರೆ 4 ಮೆಗಾಬಿಟ್. ಮಧ್ಯಾಹ್ನ ನಿಮ್ಮ ಪಾಲಿಗೆ 40 ಎಂಬಿಪಿಎಸ್ ಸಿಗುತ್ತಿದ್ದರೆ ಆ ಕ್ಯೂ ಖಾಲಿಯಾಗಲು 100 ಮಿಲಿಸೆಕೆಂಡ್ ಸಾಕು. ಸಂಜೆ ಏಳೂವರೆಗೆ ಊರೆಲ್ಲ ಐಪಿಎಲ್ ನೋಡುತ್ತಿರುವಾಗ ನಿಮ್ಮ ಪಾಲು 2 ಎಂಬಿಪಿಎಸ್‌ಗೆ ಇಳಿದರೆ ಅದೇ ಕ್ಯೂ ಖಾಲಿಯಾಗಲು 2 ಸೆಕೆಂಡ್ ಬೇಕು. ಅಪ್‌ಡೇಟ್ ಅದೇ, ಫೋನ್ ಅದೇ, ಟವರ್ ಕಡ್ಡಿಗಳೂ ಅವೇ. ಹೊಸದಾಗಿ ಬಂದ ಗೇಮ್ ಪ್ಯಾಕೆಟ್ ಆ ಸಾಲಿನ ಕೊನೆಯಲ್ಲಿ ನಿಂತರೆ ಪಿಂಗ್ 2000 ಆಯಿತು.

ಡೌನ್‌ಲೋಡ್ ಮಾಡುವ ಪ್ರೋಗ್ರಾಂ ಇದನ್ನು ನೋಡಿ ನಿಧಾನ ಮಾಡಬೇಕಿತ್ತಲ್ಲ ಅನ್ನಿಸಬಹುದು. ಸಾಮಾನ್ಯವಾಗಿ ಕಳಿಸುವ ಕಡೆಯ ಸರ್ವರ್ ವೇಗ ತಗ್ಗಿಸುವುದು ಪ್ಯಾಕೆಟ್ ಕಳೆದುಹೋಯಿತು ಅಂತ ಗೊತ್ತಾದಾಗ. ಮೊಬೈಲ್ ನೆಟ್‌ನಲ್ಲಿ ಕ್ಯೂ ಬಲು ಉದ್ದ, ಕೆಟ್ಟ ಪ್ಯಾಕೆಟ್ಟನ್ನು ಟವರೇ ಮತ್ತೆ ಕಳಿಸಿ ಸರಿ ಮಾಡಿಬಿಡುತ್ತದೆ. ಹಾಗಾಗಿ ಏನೂ ಕಳೆದುಹೋಗುವುದಿಲ್ಲ, ಸರ್ವರ್ ಕ್ಯೂಗೆ ತುಂಬಿಸುತ್ತಲೇ ಹೋಗುತ್ತದೆ. ಈ ಸ್ಥಿತಿಗೆ ನೆಟ್‌ವರ್ಕ್ ಜನ ಬಫರ್‌ಬ್ಲೋಟ್ ಅನ್ನುತ್ತಾರೆ. ಮನೆಯ ಫೈಬರ್ ಸಂಪರ್ಕದಲ್ಲಿ ಒಳ್ಳೆ ರೂಟರ್ ಹಾಕಿ ಇದನ್ನು ಹತೋಟಿಗೆ ತರಬಹುದು. ಮೊಬೈಲ್‌ನಲ್ಲಿ ಕ್ಯೂ ಇರುವುದು ಟವರ್ ಕಡೆ, ಅದನ್ನು ಮುಟ್ಟಲು ನಮಗೆ ದಾರಿ ಇಲ್ಲ. ನಮ್ಮ ಕೈಯಲ್ಲಿರುವುದು ಅದರೊಳಗೆ ಏನು ಹೋಗುತ್ತದೆ ಅನ್ನುವುದು ಮಾತ್ರ.

ಅಪ್‌ಲೋಡ್ ಕಡೆಯೂ ಹೀಗೇ ಆಗುತ್ತದೆ, ಅಲ್ಲಿ ಇನ್ನೂ ಬೇಗ ಕೆಡುತ್ತದೆ. ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕಳಿಸಿದರೆ ಫೋನಿಗೆ 4ಜಿಯಲ್ಲಿ ಇರುವ ಮಿತಿ ಸಾಮಾನ್ಯವಾಗಿ 200 ಮಿಲಿವ್ಯಾಟ್. ಟವರಿನ ಮಾತು ಫೋನಿಗೆ ಚೆನ್ನಾಗಿ ಕೇಳುವ ಜಾಗದಲ್ಲೂ ಫೋನಿನ ಮಾತು ಟವರಿಗೆ ಕಷ್ಟಪಟ್ಟು ಕೇಳುತ್ತಿರಬಹುದು. ಪರದೆಯ ಮೇಲಿನ ಕಡ್ಡಿಗಳು ತೋರಿಸುವುದು ಮೊದಲನೆಯದನ್ನು ಮಾತ್ರ. ಟವರ್ ಮೇಲೆ ಎಷ್ಟು ಜನ ಇದ್ದಾರೆ ಅನ್ನುವುದನ್ನೂ ಅವು ಹೇಳುವುದಿಲ್ಲ, ನಿಮ್ಮ ಅಪ್‌ಲೋಡ್ ಹೇಗಿದೆ ಅನ್ನುವುದನ್ನೂ ಹೇಳುವುದಿಲ್ಲ. ಟವರ್ ವ್ಯಾಪ್ತಿಯ ಅಂಚಿನಲ್ಲಿ ಅಪ್‌ಲೋಡ್ ಅರ್ಧ ಎಂಬಿಪಿಎಸ್‌ಗೆ ಇಳಿದಿದ್ದರೆ 4 ಎಂಬಿಯ ಒಂದೇ ಒಂದು ಫೋಟೋ ಹೋಗಲು ಒಂದು ನಿಮಿಷದ ಮೇಲೆ ಬೇಕು. ಆ ಒಂದು ನಿಮಿಷ ನಿಮ್ಮ ಗೇಮ್ ಪ್ಯಾಕೆಟ್‌ಗಳು ಫೋನಿನೊಳಗೇ ಕಾಯುತ್ತಿರುತ್ತವೆ.

ಈಗ ನನ್ನ ಅಕ್ಕನ ಮಗನ ವಿಷಯ. ಮಧುಗಿರಿ ಬೆಟ್ಟದ ಆಚೆ ಬದಿಯ ಒಂದು ಹಳ್ಳಿ ಅವರದು. ಅಷ್ಟು ದೊಡ್ಡ ಏಕಶಿಲೆ ಅಡ್ಡ ನಿಂತರೆ ಪೇಟೆ ಕಡೆಯ ಟವರಿನ ಸಿಗ್ನಲ್ ನೇರವಾಗಿ ಬರುವುದಿಲ್ಲ, ಸುತ್ತಿ ಬಳಸಿ ಬರುತ್ತದೆ. ಅವನು ಸಂಜೆ ಫೋನ್ ಮಾಡಿ, ‘ಮಾವ, ಟವರ್ ಚೆನ್ನಾಗೇ ಇದೆ, ಆದ್ರೂ ಲ್ಯಾಗ್ ಹೊಡೀತಿದೆ. ಎರಡು ಜಿಬಿ ಪ್ಲಾನ್ ಹಾಕ್ಸಿದ್ದೀನಿ, ಮೂರು ಜಿಬಿದು ಹಾಕ್ಸ್ಲಾ?’ ಅಂದ. ದುಡ್ಡು ಹಾಕುವ ಮೊದಲು ಕಾಯುವ ಜಾಗ ಯಾವುದು ಅಂತ ಹುಡುಕೋಣ ಅಂದೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟಿನ ಎರಡು ಕಪ್ಪು ಕಿಟಕಿ ತೆರೆದು, ಒಂದರಲ್ಲಿ ಫೋನಿಗೆ, ಇನ್ನೊಂದರಲ್ಲಿ ಹೊರಗಿನ ಸರ್ವರಿಗೆ ಒಟ್ಟಿಗೇ ಪಿಂಗ್ ಮಾಡಿಸಿದೆ.

```
ipconfig
ping -t 192.168.43.1
ping -t 8.8.8.8
```

ನಡುವಿನ ವಿಳಾಸ ಎಲ್ಲ ಫೋನಿಗೂ ಒಂದೇ ಇರುವುದಿಲ್ಲ. `ipconfig` ಕೊಟ್ಟಾಗ Default Gateway ಎದುರು ಬರುವುದನ್ನು ಅಲ್ಲಿ ಹಾಕಬೇಕು. ಮೊದಲ ಪಿಂಗ್ ಲ್ಯಾಪ್‌ಟಾಪಿನಿಂದ ಫೋನಿಗೆ ಹೋಗಿ ಬರುವ ಹೊತ್ತು. ಎರಡನೆಯದು ಫೋನನ್ನು ದಾಟಿ, ಟವರ್ ದಾಟಿ, ಕಂಪನಿಯ ನೆಟ್‌ವರ್ಕ್ ದಾಟಿ ಹೊರಗೆ ಹೋಗಿ ಬರುವ ಹೊತ್ತು. ಎರಡೂ ಒಟ್ಟಿಗೆ ಜಿಗಿದರೆ ದೋಷ ಮನೆಯೊಳಗಿನ ವೈಫೈನದು. ಮೊದಲನೆಯದು ನೆಟ್ಟಗಿದ್ದು ಎರಡನೆಯದು ಮಾತ್ರ ಜಿಗಿದರೆ ತೊಂದರೆ ಫೋನಿನಿಂದ ಆಚೆ.

ಅವನದರಲ್ಲಿ ಎರಡೂ ಇತ್ತು. ಫೋನಿಗೆ ಹೋಗುವ ಪಿಂಗ್ 3, 4 ಇದ್ದದ್ದು ಆಗಾಗ 80ರ ತನಕ ಹೋಗುತ್ತಿತ್ತು. ಹಾಟ್‌ಸ್ಪಾಟ್ ಬಿಟ್ಟು ಚಾರ್ಜಿಂಗ್ ಕೇಬಲ್ಲಿನಲ್ಲೇ ಯುಎಸ್‌ಬಿ ಟೆದರಿಂಗ್ ಆನ್ ಮಾಡಿಸಿದೆ. ಅದು 1ಕ್ಕೆ ಬಂದು ಅಲ್ಲೇ ನಿಂತಿತು. ಹೊರಗಿನ ಪಿಂಗ್ ಮಾತ್ರ 60ರಿಂದ 900ರ ತನಕ ಓಡಾಡುತ್ತಲೇ ಇತ್ತು. ಅಂದರೆ ವೈಫೈ ದೋಷ ಸಣ್ಣದು, ದೊಡ್ಡದು ಆಚೆ ಇದೆ.

ಆಮೇಲೆ `resmon` ತೆರೆದು Network ಪುಟ ನೋಡಲು ಹೇಳಿದೆ. ಯಾವ ಪ್ರೋಗ್ರಾಂ ಎಷ್ಟು ಡೇಟಾ ಎಳೆಯುತ್ತಿದೆ ಅಂತ ಅಲ್ಲಿ ಸಾಲಾಗಿ ಕಾಣುತ್ತದೆ. ಗೇಮ್ ಕೆಳಗೆಲ್ಲೋ ಇತ್ತು. ಮೇಲೆ ಕೂತಿದ್ದದ್ದು ಇನ್ನೊಂದು ಗೇಮ್‌ನ ಲಾಂಚರ್, ಅದರ ಕೆಳಗೆ ವಿಂಡೋಸ್ ಅಪ್‌ಡೇಟ್. ಲ್ಯಾಪ್‌ಟಾಪಿಗೆ ನಾವು ಹೇಳದಿದ್ದರೆ ಇದು ಮೊಬೈಲ್ ಡೇಟಾ ಅಂತ ಗೊತ್ತಾಗುವುದಿಲ್ಲ. ವೈಫೈ ಕಂಡರೆ ಮನೆಯ ಬ್ರಾಡ್‌ಬ್ಯಾಂಡ್ ಅಂತಲೇ ತಿಳಿದು ಬೇಕುಬೇಕಾದ್ದನ್ನೆಲ್ಲ ಇಳಿಸಲು ಶುರು ಮಾಡುತ್ತದೆ. ಅದರ ಜೊತೆಗೆ ಅವನ ತಂಗಿಯ ಫೋನೂ ಅದೇ ಹಾಟ್‌ಸ್ಪಾಟಿನಲ್ಲಿತ್ತು. ‘ವೈಫೈ ಸಿಕ್ಕಾಗ ಮಾತ್ರ’ ಅಂತ ಇಟ್ಟಿದ್ದ ಫೋಟೋ ಬ್ಯಾಕಪ್ ಹಾಟ್‌ಸ್ಪಾಟನ್ನೇ ವೈಫೈ ಅಂತ ಹಿಡಿದು ಓಡುತ್ತಿತ್ತು. ಅದು ಅಪ್‌ಲೋಡ್ ಕ್ಯೂ.

ಲಾಂಚರ್ ಮುಚ್ಚಿಸಿ, ವಿಂಡೋಸ್ ಅಪ್‌ಡೇಟ್ ನಿಲ್ಲಿಸಿ, ತಂಗಿಯ ಫೋನನ್ನು ಬಿಡಿಸಿದ ಮೇಲೆ ಅದೇ ಸಂಜೆ, ಅದೇ ಟವರಿನಲ್ಲಿ ಪಿಂಗ್ 55ರಿಂದ 140ರ ನಡುವೆ ಬಂದು ನಿಂತಿತು. 900ರಲ್ಲಿ ದೊಡ್ಡ ಪಾಲು ಅವರ ಮನೆಯದೇ ಆಗಿತ್ತು. ಉಳಿದ 140 ಟವರಿನ ಜನಸಂದಣಿಯದು ಮತ್ತು ಬೆಟ್ಟದ್ದು.

ಬೆಟ್ಟದ ಪಾಲನ್ನು ಸ್ವಲ್ಪ ಕಮ್ಮಿ ಮಾಡಲು ಆಯಿತು. ಫೋನ್ ಸೆಟ್ಟಿಂಗ್‌ನಲ್ಲಿ About phone ಒಳಗೆ SIM status ತೆರೆದರೆ ಬಹುತೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸಿಗ್ನಲ್ ಡಿಬಿಎಂ ಲೆಕ್ಕದಲ್ಲಿ ಕಾಣುತ್ತದೆ. ಕಡ್ಡಿಗಿಂತ ಇದನ್ನು ನಂಬಬೇಕು. 4ಜಿಯಲ್ಲಿ −90 ಆಸುಪಾಸು ಇದ್ದರೆ ಒಳ್ಳೆಯದು, −110 ದಾಟಿತು ಅಂದರೆ ಅಂಚಿಗೆ ಬಂದ ಹಾಗೆ. ಅವನ ಓದುವ ಕೋಣೆಯಲ್ಲಿ −112 ಇತ್ತು. ಯುಎಸ್‌ಬಿ ಕೇಬಲ್ ಉದ್ದದ್ದು ತೆಗೆದುಕೊಂಡು ಫೋನನ್ನು ಮಹಡಿಯ ಕಿಟಕಿಯ ಹತ್ತಿರ, ಟವರ್ ಇರುವ ದಿಕ್ಕಿಗೆ ಇಟ್ಟಾಗ −98ಕ್ಕೆ ಬಂತು. 14 ಡಿಬಿ ಅಂದರೆ ಸಿಗ್ನಲ್ ಶಕ್ತಿ ಸುಮಾರು 25 ಪಟ್ಟು. ಇದರ ಲಾಭ ಹೆಚ್ಚಾಗಿ ಸಿಗುವುದು ಅಪ್‌ಲೋಡಿಗೆ, ಯಾಕೆಂದರೆ ಕೂಗಿ ಕೂಗಿ ಸೋಲುತ್ತಿದ್ದುದು ಫೋನು. ಇನ್ನೊಂದು ಲಾಭವೂ ಆಯಿತು: ಎರಡು ಟವರ್‌ಗಳ ನಡುವೆ ಫೋನ್ ಅತ್ತಿತ್ತ ಹಾರುವುದು ನಿಂತಿತು. ಪ್ರತಿ ಸಲ ಹಾಗೆ ಹಾರುವಾಗಲೂ ಡೇಟಾ ಕ್ಷಣಕಾಲ ನಿಲ್ಲುತ್ತದೆ. ಈಗ ಸಂಜೆಯೂ 50ರಿಂದ 90ರೊಳಗೆ ಇರುತ್ತದೆ.

ಅವನ ಫೋನ್ 5ಜಿಯದು, ಆದರೆ ಆ ಕೋಣೆಯಲ್ಲಿ 5ಜಿ ಬಂದು ಹೋಗಿ ಮಾಡುತ್ತಿತ್ತು. 5ಜಿಗೆ ಹೆಚ್ಚಾಗಿ ಬಳಸುವ 3.5 ಗಿಗಾಹರ್ಟ್ಸ್ ತರಂಗ ಗೋಡೆ, ಬೆಟ್ಟ ದಾಟುವುದರಲ್ಲಿ 4ಜಿಯ ತಗ್ಗು ಬ್ಯಾಂಡ್‌ಗಳಷ್ಟು ಗಟ್ಟಿ ಅಲ್ಲ. ಹೀಗೆ ಅಂಚಿನಲ್ಲಿರುವವರು ಗೇಮ್ ಆಡುವಾಗ ಫೋನನ್ನು 4ಜಿಗೇ ಕಟ್ಟಿಹಾಕಿದರೆ ಪಿಂಗ್ ಹೆಚ್ಚು ಸ್ಥಿರವಾಗಿರುತ್ತದೆ. ಅದಕ್ಕೆ ಬೆಲೆ ತೆರಬೇಕಾಗುವುದು ಡೇಟಾದಲ್ಲಿ. ‘ಅನ್‌ಲಿಮಿಟೆಡ್ 5ಜಿ’ ಅನ್ನುವ ಪ್ಲಾನ್‌ಗಳಲ್ಲಿ ಫೋನ್ 5ಜಿಯಲ್ಲಿ ಇರುವಷ್ಟು ಹೊತ್ತು ಮಾತ್ರ ದಿನದ ಕೋಟಾ ಕರಗುವುದಿಲ್ಲ. 4ಜಿಗೆ ಜಾರಿದ ಕ್ಷಣದಿಂದ ಪ್ರತಿ ಎಂಬಿಯೂ ಲೆಕ್ಕಕ್ಕೆ ಬರುತ್ತದೆ. 5ಜಿ ಚಿಹ್ನೆ ನೋಡಿಕೊಂಡು ದೊಡ್ಡ ಡೌನ್‌ಲೋಡ್ ಹಾಕಿ, ಅರ್ಧ ದಾರಿಯಲ್ಲಿ ಅದು 4ಜಿಗೆ ಬಿದ್ದು, ಸಂಜೆ ಆರಕ್ಕೇ ಕೋಟಾ ಮುಗಿಸಿಕೊಂಡವರು ಬಹಳ ಜನ ಇದ್ದಾರೆ.

ಕೋಟಾ ಮುಗಿದರೆ ಏನಾಗುತ್ತದೆ ಅನ್ನುವುದನ್ನೂ ಇದೇ ಕ್ಯೂ ಲೆಕ್ಕದಲ್ಲಿ ನೋಡಬಹುದು. ನೆಟ್ ಪೂರ್ತಿ ನಿಲ್ಲುವುದಿಲ್ಲ, ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಗೇಮ್ ಚಿಕ್ಕ ಪ್ಯಾಕೆಟ್ ಕಳಿಸುವುದು, ಇದರಲ್ಲೂ ನಡೆಯಬಹುದು ಅಂತ ಕೆಲವರು ಅಂದುಕೊಳ್ಳುತ್ತಾರೆ. 64 ಕೆಬಿಪಿಎಸ್‌ನಲ್ಲಿ ಒಂದು ಗಂಟೆ ಪೂರ್ತಿ ಓಡಿದರೂ ಹೋಗುವುದು 29 ಎಂಬಿಯೊಳಗೆ. ಗಂಟೆಗೆ 100 ಎಂಬಿ ಬೇಕಾದ ಗೇಮ್ ಅದರಲ್ಲಿ ಹಿಡಿಸುವುದೇ ಇಲ್ಲ. ಅಷ್ಟೇ ಅಲ್ಲ, 1500 ಬೈಟ್‌ನ ಒಂದು ಪೂರ್ಣ ಗಾತ್ರದ ಪ್ಯಾಕೆಟ್ ಆ ವೇಗದಲ್ಲಿ ದಾಟಲು 188 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಹಿಂದೆ ವಾಟ್ಸ್‌ಆ್ಯಪ್‌ನಿಂದ ಅಂಥವು ಐದು ಬಂದರೆ ಗೇಮ್ ಪ್ಯಾಕೆಟ್ ಒಂದು ಸೆಕೆಂಡಿನ ಹತ್ತಿರ ಕಾಯುತ್ತದೆ. ಸಂಜೆ ಆಟದ ಮಧ್ಯದಲ್ಲಿ ಪಿಂಗ್ ಏರಿ ಮತ್ತೆ ಇಳಿಯದೇ ಹೋದರೆ, ಟವರನ್ನು ಬೈಯುವ ಮೊದಲು ಕಂಪನಿಯ ಆ್ಯಪ್ ತೆರೆದು ಕೋಟಾ ಎಷ್ಟು ಉಳಿದಿದೆ ಅಂತ ನೋಡಬೇಕು. ಜನಸಂದಣಿಯ ಪಿಂಗ್ ಏರುತ್ತದೆ, ಇಳಿಯುತ್ತದೆ. ಕೋಟಾ ಮುಗಿದ ಪಿಂಗ್ ಏರಿದ್ದು ರಾತ್ರಿ ಹನ್ನೆರಡರ ತನಕ ಇಳಿಯುವುದಿಲ್ಲ.

ಅಕ್ಕನ ಮಗನಿಗೆ ಮೂರು ಜಿಬಿ ಪ್ಲಾನ್ ಬೇಕಾಗಲಿಲ್ಲ. ದಿನಕ್ಕೆ ಮೂರು ಗಂಟೆ ಆಡಿದರೂ 300 ಎಂಬಿ, ಎರಡು ಜಿಬಿಯಲ್ಲಿ ಅದು ಏನೂ ಅಲ್ಲ. ತಿನ್ನುತ್ತಿದ್ದದ್ದು ಅಪ್‌ಡೇಟ್‌ಗಳು. ವಿಂಡೋಸ್ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ Metered connection ಆನ್ ಮಾಡಿಸಿದೆ. ಇದನ್ನು ವೈಫೈಗೆ ಮಾಡಿದರೆ ಯುಎಸ್‌ಬಿಗೆ ಆಗುವುದಿಲ್ಲ. ಯುಎಸ್‌ಬಿ ಟೆದರಿಂಗ್ Ethernet ಅಂತ ಬೇರೆಯಾಗಿ ಕಾಣುತ್ತದೆ, ಅಲ್ಲೂ ಇನ್ನೊಮ್ಮೆ ಮಾಡಬೇಕು. ಎಷ್ಟೋ ಜನ ತಪ್ಪುವುದು ಇಲ್ಲೇ. ಲಾಂಚರ್‌ಗಳು ಈ ಸೆಟ್ಟಿಂಗ್‌ಗೆ ಕಿವಿಗೊಡುತ್ತವೆ ಅಂತ ನಂಬಿ ಕೂರುವ ಹಾಗಿಲ್ಲ, ಅವುಗಳ ಒಳಗೇ ಹೋಗಿ ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಬೇಕು. ಫೋನಿನಲ್ಲಿ Data Saver ಆನ್ ಮಾಡಿ ಎಲ್ಲ ಒಂದೇ ಸಲಕ್ಕೆ ತಡೆಯೋಣ ಅಂದರೆ ಸಾಮಾನ್ಯವಾಗಿ ಆಂಡ್ರಾಯ್ಡ್ ಹಾಟ್‌ಸ್ಪಾಟನ್ನೇ ಬಿಡುವುದಿಲ್ಲ. ಆದ್ದರಿಂದ ಬ್ಯಾಕಪ್ ಮಾಡುವ ಆ್ಯಪ್‌ಗಳನ್ನು ಒಂದೊಂದಾಗಿ ನಿಲ್ಲಿಸಬೇಕು.

ದೊಡ್ಡ ಪ್ಯಾಚ್ ಇಳಿಸಲೇಬೇಕಾದಾಗ ರಾತ್ರಿ ಹನ್ನೊಂದೂವರೆಗೆ ಶುರು ಮಾಡು ಅಂದೆ. ಆ ದಿನದ ಉಳಿದ ಕೋಟಾ ಮೊದಲು ಕರಗುತ್ತದೆ, ಹನ್ನೆರಡಾದ ಮೇಲೆ ಹೊಸದು ಸಿಗುತ್ತದೆ, ಟವರ್ ಮೇಲೂ ಜನ ಇರುವುದಿಲ್ಲ. ಆಡುತ್ತಲೇ ಇಳಿಸಬೇಕಾದ ಪ್ರಸಂಗ ಬಂದರೆ ಲಾಂಚರ್‌ನಲ್ಲಿ ಡೌನ್‌ಲೋಡ್ ವೇಗಕ್ಕೆ ಮಿತಿ ಹಾಕಬಹುದು. ಸಂಜೆ ಸಿಗುವ ಪಾಲಿನ ಅರ್ಧಕ್ಕೆ ಮಿತಿ ಇಟ್ಟರೆ ಕ್ಯೂ ತುಂಬುವುದೇ ಇಲ್ಲ. 2 ಎಂಬಿಪಿಎಸ್ ಸಿಗುವಲ್ಲಿ 1 ಎಂಬಿಪಿಎಸ್. ಡೌನ್‌ಲೋಡ್ ನಿಧಾನವಾಗುತ್ತದೆ, ಪಿಂಗ್ ಕೆಡುವುದಿಲ್ಲ.

ಇನ್ನೊಂದು ವಿಷಯ ನಮ್ಮ ಭಾಗದವರು ಗಮನಿಸಬೇಕು. ಕರೆಂಟ್ ಹೋದ ತಕ್ಷಣ ಪಿಂಗ್ ಏರಿದರೆ ಅದು ಆಕಸ್ಮಿಕ ಅಲ್ಲ. ತುಮಕೂರು, ಚಿಕ್ಕಬಳ್ಳಾಪುರದಂಥ ಪೇಟೆಗಳಲ್ಲಿ ಕರೆಂಟ್ ಹೋದರೆ ಮನೆಮನೆಯ ಫೈಬರ್ ರೂಟರ್ ಆರುತ್ತದೆ, ಅಷ್ಟೂ ಜನ ಒಟ್ಟಿಗೇ ಮೊಬೈಲ್ ಡೇಟಾಗೆ ಬರುತ್ತಾರೆ. ಟವರ್ ಬ್ಯಾಟರಿಯಲ್ಲಿ ಓಡುತ್ತಿದ್ದರೂ ನಿಮ್ಮ ಪಾಲು ಒಂದೇ ನಿಮಿಷದಲ್ಲಿ ಕುಸಿಯುತ್ತದೆ. ಇದಕ್ಕೆ ಮನೆಯಲ್ಲಿ ಕೂತು ಮಾಡುವ ಪರಿಹಾರ ಇಲ್ಲ.

ಪಿಂಗ್ ಸಂಖ್ಯೆ ಓದುವಾಗ ಒಂದು ಎಚ್ಚರ ಬೇಕು. `ping` ಸೆಕೆಂಡಿಗೆ ಒಂದೇ ಸಲ ಕಳಿಸುತ್ತದೆ. ಆ ಮಧ್ಯದಲ್ಲಿ ಬ್ಯಾಟರಿ ಉಳಿಸಲು ಫೋನಿನ ರೇಡಿಯೋ ಸಣ್ಣ ನಿದ್ದೆಗೆ ಜಾರಬಹುದು, ಎದ್ದೇಳಲು ಕೆಲವು ಹತ್ತು ಮಿಲಿಸೆಕೆಂಡ್ ಹಿಡಿಯಬಹುದು. ಗೇಮ್ ಸೆಕೆಂಡಿಗೆ ಹತ್ತಾರು ಪ್ಯಾಕೆಟ್ ಕಳಿಸುವುದರಿಂದ ಅದಕ್ಕೆ ನಿದ್ದೆ ಮಾಡಲು ಬಿಡುವಿಲ್ಲ. ಹಾಗಾಗಿ ಗೇಮ್ ಒಳಗೆ 60 ತೋರಿಸಿ, ಕಪ್ಪು ಕಿಟಕಿಯಲ್ಲಿ 85 ಬಂದರೆ ಗಾಬರಿಪಡಬೇಕಾಗಿಲ್ಲ. ಸರಾಸರಿಯನ್ನೂ ನೋಡಿ ಸುಮ್ಮನಾಗಬೇಡಿ. ಲ್ಯಾಗ್ ಅಡಗಿರುವುದು Maximum ಅನ್ನುವ ಅಂಕಿಯಲ್ಲಿ.

ಇಷ್ಟೆಲ್ಲ ಮಾಡಿ, ಮನೆಯ ಕ್ಯೂ ಖಾಲಿ ಇದ್ದು, ಕೋಟಾ ಉಳಿದಿದ್ದು, ಫೋನ್ ಕಿಟಕಿಯಲ್ಲಿದ್ದೂ ಪ್ರತಿ ಸಂಜೆ 200 ದಾಟುತ್ತಿದ್ದರೆ ಆಗ ತಪ್ಪು ಟವರಿನ ಸಾಮರ್ಥ್ಯದ್ದು, ಕಂಪನಿಗೆ ದೂರು ಕೊಡಬೇಕು. ‘ನೆಟ್ ಸ್ಲೋ’ ಅಂತ ಹೇಳಿದರೆ ಫೋನ್ ಆಫ್ ಮಾಡಿ ಆನ್ ಮಾಡಿ ಅನ್ನುವ ಉತ್ತರವೇ ಬರುತ್ತದೆ. ಅದರ ಬದಲು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹತ್ತು ಹತ್ತು ನಿಮಿಷದ ದಾಖಲೆ ಇಟ್ಟುಕೊಳ್ಳಿ:

```
ping -n 600 8.8.8.8 > sanje.txt
```

ಅದರ ಜೊತೆ ದಿನಾಂಕ, ಸಮಯ, ಊರು, ಹೋಬಳಿ, SIM status ತೋರಿಸಿದ ಡಿಬಿಎಂ ಅಂಕಿ ಬರೆದು ಕಳಿಸಿ, ದೂರಿನ ಸಂಖ್ಯೆ ಪಡೆದುಕೊಳ್ಳಿ. ಸಿಗ್ನಲ್ −98 ಇದ್ದೂ ಬೆಳಿಗ್ಗೆ 45, ಸಂಜೆ 250 ಅಂತ ಎರಡು ಕಡತ ಪಕ್ಕಪಕ್ಕದಲ್ಲಿದ್ದರೆ ಕವರೇಜ್ ಸಾಲದು ಅಂತ ಹೇಳಿ ಮುಗಿಸಲು ಅವರಿಗೆ ಬರುವುದಿಲ್ಲ. ಆ ದೂರು ಟವರಿಗೆ ಇನ್ನೊಂದು ಬ್ಯಾಂಡ್ ಸೇರಿಸುವ ಅಥವಾ ಅದರ ಹಿಂದಿನ ಲಿಂಕ್ ದೊಡ್ಡದು ಮಾಡುವ ವಿಭಾಗದ ಕಡೆಗೇ ಹೋಗಬೇಕಾಗುತ್ತದೆ.